ಕಾರಿನ ಕೀ ಜಗಳ, ಮರುದಿನದ ತಿಂಡಿ: ಒಂದು ಪ್ರಕರಣ

ಕುಟುಂಬಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಕೌನ್ಸೆಲಿಂಗ್ ಅಂತಾರಲ್ಲ, ಅದು. ಬಂದವರು ಹೆಚ್ಚಾಗಿ ಹೇಳಿಕೊಳ್ಳುವುದು ಜಗಳದ ಬಗ್ಗೆ. ಯಾರು ಏನಂದರು, ಯಾರು ಮೊದಲು ದನಿ ಏರಿಸಿದರು, ಬಾಗಿಲು ಯಾರು ಬಡಿದರು. ಎಲ್ಲ ಕೇಳಿದ ಮೇಲೆ ನಾನು ಒಂದು ಪ್ರಶ್ನೆ ಹಾಕುತ್ತೇನೆ. ಮರುದಿನ ಬೆಳಗ್ಗೆ ಮೊದಲು ಆಡಿದ ಮಾತು ಯಾವುದು? ತುಂಬ ಜನಕ್ಕೆ ಅದು ನೆನಪೇ ಇರುವುದಿಲ್ಲ. ರಾತ್ರಿಯ ಜಗಳದ ಒಂದೊಂದು ಪದವೂ ಬಾಯಿಪಾಠ. ಬೆಳಗಿನದು ಮಾತ್ರ ಮರೆತಿರುತ್ತದೆ. ನಾನು ಕಂಡಂತೆ, ಒಂದು ರಾತ್ರಿಯ ಜಗಳ ಒಂದು ವಾರದ ಮುನಿಸಾಗುವುದು ಎಷ್ಟೋ ಮನೆಗಳಲ್ಲಿ ತಿಂಡಿ ಹೊತ್ತಿನಲ್ಲೇ.

ಈ ಪ್ರಕರಣ ಒಬ್ಬ ಅಪ್ಪ ಮತ್ತು ಮಗಳದ್ದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪನಿಗೆ ಅರವತ್ತು ದಾಟಿದೆ. ಕತ್ತಲಾದ ಮೇಲೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಎದುರು ಬರುವ ಗಾಡಿಯ ಬೆಳಕು ಬಿದ್ದರೆ ಸ್ವಲ್ಪ ಹೊತ್ತು ಎಲ್ಲ ಬೆಳ್ಳಗೆ. ಆದರೂ ರಾತ್ರಿ ಕಾರು ಓಡಿಸುತ್ತಾರೆ. ಹಗಲು ಏನೂ ತೊಂದರೆ ಇಲ್ಲ. ಮಗಳು ಕೆಲಸಕ್ಕೆ ಹೋಗುವವಳು, ಅಪ್ಪ ಅಮ್ಮನ ಜೊತೆಗೇ ಇದ್ದಾಳೆ. ಆ ರಾತ್ರಿ ಅಪ್ಪ ಹೊರಡುವ ಹೊತ್ತಿಗೆ ಕೀ ಜಾಗದಲ್ಲಿ ಇರಲಿಲ್ಲ. ಅವಳೇ ತೆಗೆದು ತನ್ನ ಬೀರುವಿನಲ್ಲಿ ಇಟ್ಟಿದ್ದಳು.

“ನನ್ನ ಕೀ ಬಚ್ಚಿಡೋಕೆ ನೀನ್ಯಾರೇ?” ಅಂದರು ಅಪ್ಪ. “ಯಾರಿಗಾದ್ರೂ ಗುದ್ದಿದ ಮೇಲೆ ಬುದ್ಧಿ ಬರುತ್ತಾ ನಿಮಗೆ?” ಅಂದಳು ಮಗಳು. ಅಲ್ಲಿಗೆ ಮಾತು ಮುಗಿಯಿತು. ಒಬ್ಬರು ಒಂದು ಕೋಣೆಗೆ, ಇನ್ನೊಬ್ಬರು ಇನ್ನೊಂದು ಕೋಣೆಗೆ.

ಇವರಿಗೆ ಇದೇ ವಿಷಯಕ್ಕೆ ಮೂರು ವಾರ ಮೊದಲೂ ಜಗಳ ಆಗಿತ್ತು. ಆಗ ಮರುದಿನದ ಬೆಳಗು ಕೆಟ್ಟಿತ್ತು. ಈ ಸಲ ಕೆಡಲಿಲ್ಲ. ಅದೇ ಮನೆ, ಅದೇ ಮೇಜು, ಅದೇ ವಿಷಯ. ಎರಡು ಬೆಳಗುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಿಕ್ಕಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಬೆಳಗು. ಮಗಳು ರಾತ್ರಿಯೆಲ್ಲ ಯೋಚನೆ ಮಾಡಿ, ತಾನೇ ಮೊದಲು ಮಾತಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿ ಬಂದಿದ್ದಳು. ಅಪ್ಪನ ಎದುರು ಕೂತವಳೇ ಹೇಳಿದಳು: “ಅಪ್ಪಾ, ನಿನ್ನೆದು ಬಿಡಿ. ನಾನು ನಿಮ್ಮ ಒಳ್ಳೇದಕ್ಕೇ ಹೇಳಿದ್ದು.”

ಅವಳ ಮಟ್ಟಿಗೆ ಅದು ರಾಜಿಯ ಮಾತು. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, “ಏನು ಒಳ್ಳೇದು?” ಅಂದರು. ಎರಡು ನಿಮಿಷ ಕಳೆಯುವಷ್ಟರಲ್ಲಿ ರಾತ್ರಿಯ ಜಗಳ ಪೂರ್ತಿ ಮೇಜಿನ ಮೇಲಿತ್ತು. ಅಪ್ಪ ಅರ್ಧ ತಿಂಡಿ ಬಿಟ್ಟು ಎದ್ದು ಹೋದರು. ಆಮೇಲೆ ಐದು ದಿನ ಇಬ್ಬರೂ ಅಮ್ಮನ ಮೂಲಕವೇ ಮಾತಾಡಿದರು.

ಆ ಎರಡು ವಾಕ್ಯಗಳಲ್ಲಿ ಏನು ತಪ್ಪಿತ್ತು? ಅಪ್ಪನನ್ನೇ ಕೇಳಿದೆ. ಅವರು ಹೇಳಿದ್ದು ನಾನು ನಿರೀಕ್ಷಿಸದ ಮಾತು. “ಬಿಡಿ ಅಂದ್ಳು. ಹುಟ್ಟಿದಾಗಿಂದ ನನಗೆ ಬಿಡು ಅನ್ನೋಳು.”

ಆ ಮನೆಯಲ್ಲಿ ಮಗಳು ಅಪ್ಪನನ್ನು ಮಾತಾಡಿಸುವುದು ‘ನೀನು’ ಅಂತಲೇ. ಸಿಟ್ಟು ಬಂದಾಗ ಮಾತ್ರ ‘ನೀವು’. ಬೇರೆ ಮನೆಯಲ್ಲಿ ‘ನೀವು’ ಗೌರವ. ಇಲ್ಲಿ ಅದು ದೂರ. ಅವಳಿಗೆ ತಾನು ಹಾಗೆ ಅಂದದ್ದು ಗೊತ್ತೂ ಇರಲಿಲ್ಲ. ರಾತ್ರಿ ಬಾಯಿಗೆ ಬಂದ ‘ನೀವು’ ಬೆಳಗ್ಗೆಯೂ ಇಳಿದಿರಲಿಲ್ಲ, ಅಷ್ಟೇ. ಅಪ್ಪನ ಕಿವಿಗೆ ಮಾತ್ರ ಅದೊಂದೇ ಅಕ್ಷರ ಸಾಕಾಯಿತು, ಜಗಳ ಇನ್ನೂ ಮುಗಿದಿಲ್ಲ ಅಂತ ತಿಳಿಯಲು.

ಇನ್ನೊಂದು ತಪ್ಪು ‘ಒಳ್ಳೇದಕ್ಕೇ’ ಎಂಬುದರ ಕೊನೆಯ ‘ಏ’ಯಲ್ಲಿ ಇತ್ತು. ‘ಒಳ್ಳೇದಕ್ಕೇ ಹೇಳಿದ್ದು’ ಅಂದರೆ ನಾನು ಸರಿ, ನಿನಗೆ ಅರ್ಥವಾಗಲಿಲ್ಲ ಅಂತ ತೀರ್ಪು ಕೊಟ್ಟ ಹಾಗೆ. ಜಗಳ ಮುಚ್ಚೋಣ ಅನ್ನುತ್ತಲೇ ಕೊನೇ ಮಾತು ತನ್ನದಾಗಿಸಿಕೊಂಡಳು. ಅದಕ್ಕೆ ಅಪ್ಪ ಉತ್ತರ ಕೊಡಲೇಬೇಕಾಯಿತು.

ಕನ್ನಡದಲ್ಲಿ ಇಂಥ ಸಣ್ಣ ಬಾಲಗಳು ತುಂಬ. ಜಗಳದ ಮರುದಿನ ಇವೇ ಜಾಸ್ತಿ ಚುಚ್ಚುತ್ತವೆ. “ತಿಂಡಿ ತಿಂತೀಯಾ?” ಅಂದರೆ ಬರೀ ತಿಂಡಿ. “ಇವತ್ತಾದ್ರೂ ತಿಂಡಿ ತಿಂತೀಯಾ?” ಅಂದರೆ ನಿನ್ನೆ ಉಣ್ಣದೆ ಎದ್ದು ಹೋದದ್ದೂ ಬಂತು. “ಎದ್ಯಾ?” ಬೇರೆ, “ಎದ್ಯಾ ಅಂತೂ?” ಬೇರೆ. “ಕೋಪ ಇನ್ನೂ ಇದೆಯಾ?” ಎಂಬುದರಲ್ಲಿ ‘ಇನ್ನೂ’ ಇದೆಯಲ್ಲ, ಇಷ್ಟು ಹೊತ್ತಿಗೆ ಇಳಿಯಬೇಕಿತ್ತು ಅಂತ ಅದು ಬೈಯುತ್ತದೆ. ಬೆಳಗಿನ ಮೊದಲ ಮಾತಿನಿಂದ ಈ ಆದರೂ, ಅಂತೂ, ಇನ್ನೂ, ಮತ್ತೆ ಎಂಬುವನ್ನು ತೆಗೆದುಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇವು ನಿನ್ನೆಯನ್ನು ಕೈಹಿಡಿದು ಕರೆತರುವ ಪದಗಳು.

ಇದೆಲ್ಲ ಗೊತ್ತಾದ ಮೇಲೆ ಮಗಳು ನನ್ನನ್ನು ಕೇಳಿದಳು: “ಹಾಗಾದ್ರೆ ಏನು ಹೇಳಬೇಕು?” ನಾನು ವಾಕ್ಯ ಕೊಡಲಿಲ್ಲ. ನಿಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಏನು ಹೇಳುತ್ತೀಯೋ ಅದನ್ನೇ ಹೇಳು ಅಂದೆ. ಅವಳಿಗೆ ಅದು ತೀರಾ ಕಡಿಮೆ ಅನಿಸಿತು. ಇಷ್ಟು ದೊಡ್ಡ ಜಗಳಕ್ಕೆ ಇಷ್ಟು ಚಿಕ್ಕ ಮಾತು ಸಾಕೇ ಅಂತ.

ಸಾಕು. ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞರು 1923ರಲ್ಲೇ ಇದನ್ನು ಗುರುತಿಸಿದ್ದರು. ನಾವು ಆಡುವ ಎಷ್ಟೋ ಮಾತುಗಳಲ್ಲಿ ತಿಳಿಸುವ ವಿಷಯ ಏನೂ ಇರುವುದಿಲ್ಲ, ಮಾತಾಡಿದೆವು ಎಂಬುದರಿಂದಲೇ ಸಂಬಂಧ ಉಳಿಯುತ್ತದೆ ಎಂದರು. ಎದ್ದು ಕಣ್ಣೆದುರು ನಿಂತವರನ್ನು “ಎದ್ಯಾ?” ಅಂತ ಕೇಳುತ್ತೇವಲ್ಲ, ಅದು ಅಂಥ ಮಾತು. ಎದ್ದದ್ದು ಕಾಣುತ್ತಲೇ ಇದೆ. ಕೇಳುವುದು ಬೇರೇನನ್ನೋ. ಜಗಳದ ಮರುದಿನ ಆ ಮಾತಿನ ಕೆಲಸ ಒಂದೇ. ನಾವಿಬ್ಬರೂ ನಿನ್ನೆ ಬೆಳಗ್ಗೆ ಏನಾಗಿದ್ದೆವೋ ಇವತ್ತೂ ಅದೇ ಅಂತ ತಿಳಿಸುವುದು. ಅದರ ಮೇಲೆ ಕ್ಷಮೆ, ವಿವರಣೆ, ನ್ಯಾಯ ಎಲ್ಲವನ್ನೂ ಹೇರಿದರೆ ಪಾಪ, ಅಷ್ಟು ಚಿಕ್ಕ ಮಾತು ತಡೆಯುವುದಿಲ್ಲ.

ಅತಿಯಾಗಿ ಸಿಹಿ ಮಾಡುವುದೂ ಅಷ್ಟೇ ಅಪಾಯ. ಎಂದೂ ಹೇಳದವರು ಆ ದಿನ ಮಾತ್ರ “ಗುಡ್ ಮಾರ್ನಿಂಗ್ ಅಪ್ಪಾ!” ಅಂತ ನಗುತ್ತಾ ಬಂದರೆ, ಎದುರಿಗಿರುವವರು ಇದೇನು ನಾಟಕ ಅಂತ ನೋಡುತ್ತಾರೆ. ಮಾತಿನ ಅಳತೆ ನಿನ್ನೆ ಬೆಳಗಿನಷ್ಟೇ ಇರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಇನ್ನು ಎರಡನೇ ಬೆಳಗು. ಅವಳು ಹೇಳಿದ್ದು, ಅಪ್ಪ ಹೇಳಿದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ.

ಅವಳು ಎಲ್ಲರಿಗಿಂತ ಮೊದಲು ಎದ್ದು ಕೀ ತೆಗೆದುಕೊಂಡು ಬಂದಳು. ಮೊದಲು ಅದನ್ನು ಅಪ್ಪನ ತಟ್ಟೆಯ ಪಕ್ಕ ಇಡೋಣ ಅಂದುಕೊಂಡಿದ್ದಳಂತೆ. ಸದ್ಯ, ಇಡಲಿಲ್ಲ. ತಟ್ಟೆಯ ಪಕ್ಕ ಇಟ್ಟ ಕೀ ಬಾಯಿಲ್ಲದೆಯೂ ಮಾತಾಡುತ್ತದೆ. “ತಗೋ ನಿನ್ನ ಕೀ” ಅಂತ ಅಪ್ಪನಿಗೆ ಕೇಳಿಸಬಹುದಿತ್ತು. ಹಾಗಂತ ಬೀರುವಿನಲ್ಲೇ ಬಿಟ್ಟಿದ್ದರೂ ಕಷ್ಟ. ಅಪ್ಪ ಎದ್ದು ಖಾಲಿ ಮೊಳೆ ನೋಡಿದರೆ, ಅವಳು ಬಾಯಿ ತೆರೆಯುವ ಮೊದಲೇ ಜಗಳ ಶುರು. ಅವಳು ಕೀಯನ್ನು ಅದರ ಮೊಳೆಗೆ ನೇತುಹಾಕಿದಳು. ಯಾರಿಗೂ ಹೇಳಲಿಲ್ಲ. ಹಗಲು ಅಪ್ಪ ಕಾರು ಓಡಿಸುವುದರಲ್ಲಿ ಅಪಾಯ ಇರಲಿಲ್ಲವಾದ್ದರಿಂದ ಹೀಗೆ ಮಾಡಲು ಸಾಧ್ಯವಾಯಿತು. ಹಗಲೂ ಕಣ್ಣು ಕಾಣದವರಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಜೀವಕ್ಕೆ ಕುತ್ತು ಇರುವ ಕಡೆ ವಿಷಯ ಎತ್ತದೆ ಇರುವುದು ಸರಿಯಲ್ಲ.

ಅವಳು ಕೋಣೆಯಿಂದ ಮತ್ತೆ ಹೊರಗೆ ಬಂದಾಗ ಅಪ್ಪ ಮೇಜಿನ ಮುಂದೆ ಪೇಪರ್ ಹಿಡಿದು ಕೂತಿದ್ದರು. ಅವಳನ್ನು ಒಮ್ಮೆ ನೋಡಿದರು. ಕೂಡಲೇ ಕಣ್ಣು ಪೇಪರಿಗೆ ಹೋಯಿತು.

ಹೋದ ಸಲ ಅವಳು ಎಡವಿದ್ದು ಇಲ್ಲೇ. ಮುಖ ತಿರುಗಿಸಿಕೊಂಡರು ಅಂತ ಎದೆ ಧಸಕ್ಕೆಂದು, ನಡೆದು ಬರುವಷ್ಟರಲ್ಲೇ ಮಾತು ಗಡುಸಾಗಿತ್ತು. ಆದರೆ ಕಣ್ಣು ತೆಗೆಯುವುದು ಮುನಿಸಿನ ಗುರುತೇ ಆಗಬೇಕಿಲ್ಲ. ಜನ ಒಬ್ಬರನ್ನೊಬ್ಬರು ಹೇಗೆ ಮಾತಾಡಿಸುತ್ತಾರೆ ಅಂತ ಆಡಮ್ ಕೆಂಡನ್ ಮತ್ತು ಆಂಡ್ರ್ಯೂ ಫರ್ಬರ್ ಎಂಬಿಬ್ಬರು ಒಂದು ಕೂಟವನ್ನು ಚಿತ್ರೀಕರಿಸಿ ನೋಡಿ 1973ರಲ್ಲಿ ಬರೆದರು. ದೂರದಿಂದ ಒಮ್ಮೆ ನೋಡುವುದು, ಹತ್ತಿರ ಬರುವಾಗ ಕಣ್ಣು ಬೇರೆಡೆಗೆ ತಿರುಗಿಸುವುದು, ಪಕ್ಕಕ್ಕೆ ಬಂದ ಮೇಲೆ ಮತ್ತೆ ನೋಡುವುದು ಸ್ನೇಹಿತರ ನಡುವೆಯೂ ಕಂಡಿತು. ಎದುರು ಬರುವವರನ್ನು ಉದ್ದಕ್ಕೂ ದಿಟ್ಟಿಸುತ್ತಾ ಕೂರುವುದೇ ಕಷ್ಟ, ಅಲ್ವಾ? ಹಾಗಾಗಿ ದೂರದ ನೋಟವನ್ನು ಲೆಕ್ಕಕ್ಕೆ ತಗೋಬೇಡ, ಪಕ್ಕಕ್ಕೆ ಹೋದ ಮೇಲಿನದನ್ನು ನೋಡು ಅಂತ ಅವಳಿಗೆ ಹೇಳಿದ್ದೆ.

ಅವಳು ನೇರವಾಗಿ ಅಪ್ಪನ ಎದುರಿಗೆ ಹೋಗಿ ಕೂರಲಿಲ್ಲ. ನೀರಿನ ಜಗ್ ತರಲು ಹೋದಳು. ಜಗ್ ಹಿಡಿದು ಪಕ್ಕಕ್ಕೆ ಬಂದು, “ಎದ್ಯಾ ಅಪ್ಪಾ?” ಅಂದಳು.

“ಹೂಂ” ಅಂದರು.

ಬರೀ ‘ಹೂಂ’. ತುಂಬ ಜನ ಇದನ್ನು ಸೋಲು ಅಂದುಕೊಳ್ಳುತ್ತಾರೆ. ನಾನು ಮಾತಾಡಿಸಿದೆ, ಅವರು ಹೂಂ ಅಂದರು ಅಷ್ಟೇ, ಅಂತ ಬಂದು ದೂರುತ್ತಾರೆ. ‘ಹೂಂ’ ಪೂರ್ತಿ ಉತ್ತರ ಅಂತಲೇ ನಾನು ಹೇಳುವುದು. ಕೇಳಿದ ಮಾತಿಗೆ ಮಾತು ಬಂತು. ಉತ್ತರ ಪ್ರಶ್ನೆಗಿಂತ ಚಿಕ್ಕದಿದ್ದರೆ ಗಾಬರಿ ಬೇಡ. ಉತ್ತರದ ಬದಲು ಪ್ರಶ್ನೆಯೇ ವಾಪಸ್ ಬಂದರೆ, “ಏನೀಗ?” “ಅಂದ್ರೆ?” ಅಂತ ಬಂದರೆ, ಆಗ ಎಚ್ಚರ. ಅಲ್ಲಿಗೆ ನಿಲ್ಲಿಸಿ ಏನಾದರೂ ಕೈಕೆಲಸಕ್ಕೆ ಹೋಗುವುದು ಒಳ್ಳೆಯದು.

ಅವಳು ಎರಡನೆಯ ಮಾತು ಆಡಿದಳು. “ನೀರು ಹಾಕ್ಲಾ?”

ಅಪ್ಪ ಮಾತಾಡಲಿಲ್ಲ. ಪೇಪರಿನಿಂದ ಕಣ್ಣು ತೆಗೆಯದೆ, ಎಡಗೈಯ ಎರಡು ಬೆರಳಿನಿಂದ ಲೋಟವನ್ನು ಅವಳ ಕಡೆಗೆ ಒಂದಿಷ್ಟು ತಳ್ಳಿದರು. ಆ ಲೋಟ ಸರಿದ ಸದ್ದು ತನಗೆ ಈಗಲೂ ಕಿವಿಯಲ್ಲಿದೆ ಅಂತಾಳೆ. ಅವಳು ನೀರು ಸುರಿದಳು. ಲೋಟ ತುಂಬುವಾಗ ಅಪ್ಪ ಕೈಯೆತ್ತಿ ಸಾಕು ಅಂತ ತೋರಿಸಿದರು. ಎರಡನೇ ಮಾತು ಹೀಗೆ ಇದ್ದರೆ ಚೆನ್ನ. ಕಣ್ಣೆದುರಿಗೆ ಇರುವ ವಸ್ತುವಿನ ಬಗ್ಗೆ, ಹೌದು ಅಥವಾ ಬೇಡ ಅಂದರೆ ಮುಗಿಯುವಂಥದ್ದು. ಬಾಯಿ ತೆರೆಯಲು ಇಷ್ಟವಿಲ್ಲದವರು ಕೈಯಲ್ಲೇ ಉತ್ತರ ಕೊಡಬಹುದು. “ಇವತ್ತು ಏನು ಪ್ಲಾನ್?” ಅಂತ ಕೇಳಿದ್ದರೆ ಅಪ್ಪ ಯೋಚಿಸಬೇಕಾಗುತ್ತಿತ್ತು. ಯೋಚಿಸಿದರೆ ಸಂಜೆ ಎಲ್ಲಿಗೆ ಹೋಗಬೇಕು ಎಂಬುದು ಬರುತ್ತಿತ್ತು. ಅದರ ಹಿಂದೆ ಕಾರು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಪೇಪರ್ ಮಡಿಸುತ್ತಾ, “ನಿಂಗೆ ಚೆನ್ನಾಗಿ ನಿದ್ದೆ ಬಂತೇನೋ” ಅಂದರು.

ಇದನ್ನು ಎರಡು ರೀತಿ ಕೇಳಿಸಿಕೊಳ್ಳಬಹುದು. ನನ್ನ ನಿದ್ದೆ ಕೆಡಿಸಿ ನೀನು ಹಾಯಾಗಿ ಮಲಗಿದೆ ಎಂಬ ಚುಚ್ಚು ಒಂದು. ಮಾತಾಡಲು ದಾರಿ ಹುಡುಕುವ ತಡಕಾಟ ಇನ್ನೊಂದು. ಆಮೇಲೆ ಅಪ್ಪನನ್ನು ಕೇಳಿದೆ, ಯಾವುದಿತ್ತು ಅಂತ. “ಎರಡೂ ಇತ್ತು” ಅಂದರು. ನಿಜ ಇರಬೇಕು. ಬೆಳಗಿನ ಹೊತ್ತು ಮನಸ್ಸು ಹಾಗೇ, ಅರ್ಧ ಇಳಿದಿರುತ್ತದೆ. ಎರಡರಲ್ಲಿ ಯಾವುದಕ್ಕೆ ಉತ್ತರ ಕೊಡುತ್ತೇವೋ ಅದು ಬೆಳೆಯುತ್ತದೆ.

ಅವಳು ಕೊಟ್ಟ ಉತ್ತರ: “ಇಲ್ಲಪ್ಪ, ನಿದ್ದೆ ಬರೋದು ತುಂಬ ತಡ ಆಯ್ತು.”

ಅದು ಸುಳ್ಳಲ್ಲ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ‘ನಿನ್ನಿಂದ’ ಎಂಬುದು ಇರಲಿಲ್ಲ, ‘ಅಷ್ಟೆಲ್ಲ ಆದ ಮೇಲೆ’ ಎಂಬುದೂ ಇರಲಿಲ್ಲ. “ಹಾಂ, ಚೆನ್ನಾಗಿ ಬಂತು” ಅಂತ ಸುಮ್ನೆ ಹೇಳಿದ್ದರೆ ಅಪ್ಪನಿಗೆ ಇನ್ನೂ ಒಂಟಿ ಅನಿಸುತ್ತಿತ್ತು. ಅವರು ಒಂದು ಕ್ಷಣ ಸುಮ್ಮನಿದ್ದು “ನಂಗೂ” ಅಂದರು.

ಈ ‘ನಂಗೂ’ ಬಂದ ಕೂಡಲೇ ಅವಳಿಗೆ ಕಣ್ಣು ತುಂಬಿ ಬಂತಂತೆ. ಸಾರಿ ಅಪ್ಪಾ ಅಂದುಬಿಡೋಣ ಅನಿಸಿತಂತೆ. ಅನ್ನಲಿಲ್ಲ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲೇ ಕೆಲವರು ಒಪ್ಪುವುದಿಲ್ಲ. ಕ್ಷಮೆ ಕೇಳಲು ಯಾವ ಹೊತ್ತಾದರೇನು ಅಂತಾರೆ. ನನ್ನ ಅನುಭವ ಬೇರೆ. ಕ್ಷಮೆಯ ಮಾತು ಎದುರಿನವರಿಂದ ಉತ್ತರ ಬೇಡುತ್ತದೆ. “ಪರವಾಗಿಲ್ಲ” ಅನ್ನಬೇಕು, ಇಲ್ಲವೇ ಅನ್ನದೆ ಕೂರಬೇಕು. ನಿದ್ದೆಗೆಟ್ಟ ಮನುಷ್ಯ, ಹೆಂಡತಿ ಎದುರಿಗೆ, ಬಾಯಲ್ಲಿ ತುತ್ತು ಇಟ್ಟುಕೊಂಡು ಅದನ್ನು ತೀರ್ಮಾನ ಮಾಡುವುದು ಸುಲಭವಲ್ಲ. ಅದರ ಹಿಂದೆಯೇ ‘ಆದರೆ’ ಬರುತ್ತದೆ. ಕ್ಷಮೆ ಕೇಳಲೇಬೇಕು, ‘ಬುದ್ಧಿ ಬರುತ್ತಾ’ ಅಂದದ್ದಕ್ಕೆ ಖಂಡಿತ ಕೇಳಬೇಕು. ಆದರೆ ಇಬ್ಬರೇ ಇರುವಾಗ, ಕೂತು ಕೇಳಿಸಿಕೊಳ್ಳುವ ಹೊತ್ತಿನಲ್ಲಿ.

ಅಷ್ಟರಲ್ಲಿ ಅಮ್ಮ ಬಂದರು. ಇಬ್ಬರನ್ನೂ ನೋಡಿ ಸಂತೋಷ ತಡೆಯಲಾರದೆ, “ಸದ್ಯ, ಇಬ್ಬರೂ ಮಾತಾಡಿದ್ರಲ್ಲ!” ಅಂದುಬಿಟ್ಟರು.

ಅಮ್ಮನ ಮೇಲೆ ನನಗೆ ಬೇಜಾರಿಲ್ಲ. ಐದು ದಿನ ಇಬ್ಬರ ನಡುವೆ ಸುದ್ದಿ ಹೊತ್ತು ಓಡಾಡಿದವರು ಅವರು. ಆದರೆ ಆ ಒಂದು ಮಾತಿಗೆ ಮಡಿಸಿದ ಪೇಪರ್ ಮತ್ತೆ ಬಿಚ್ಚಿಕೊಂಡಿತು. ಸದ್ದಿಲ್ಲದೆ ಆಗುತ್ತಿದ್ದದ್ದನ್ನು ಬಾಯಿ ಬಿಟ್ಟು ಹೇಳಿದಾಗ ಇಬ್ಬರಿಗೂ ಮುಜುಗರ. ಯಾರು ಮೊದಲು ಸೋತರು ಎಂಬ ಲೆಕ್ಕ ಒಳಗೊಳಗೇ ಶುರುವಾಗುತ್ತದೆ. ಮಗಳು ಅದಕ್ಕೆ ಉತ್ತರ ಕೊಡಲಿಲ್ಲ. “ನೀನೂ ಕೂತ್ಕೋಮ್ಮ, ಒಟ್ಟಿಗೆ ತಿನ್ನೋಣ” ಅಂದು ಕುರ್ಚಿ ಎಳೆದಳು. ಮೂವರೂ ತಿಂದರು. ಮನೆಯಲ್ಲಿ ಮೂರನೆಯವರು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಏನೂ ಗಮನಿಸದವರ ಹಾಗೆ ಬಂದು ಕೂರುವುದು. ಮುಂದೆ ಅಮ್ಮನಿಗೆ ಅದನ್ನೇ ಹೇಳಿದೆ.

ಇಷ್ಟೆಲ್ಲ ಸರಿಯಾದ ಮೇಲೂ ಜಗಳ ಬಾಗಿಲು ತಟ್ಟಿತು. ಮಗಳು ಬ್ಯಾಗ್ ಹಾಕಿಕೊಂಡು ಹೊರಡುವಾಗ ಅಪ್ಪ ಕೇಳಿದರು, “ಕೀ ಎಲ್ಲಿ?”

“ಮೊಳೆಲಿದೆ ಅಪ್ಪಾ.”

ಅಪ್ಪ ತಿರುಗಿ ನೋಡಿದರು. ಇತ್ತು. “ಅದಕ್ಕೆ ರಾತ್ರಿ ಅಷ್ಟೆಲ್ಲ ಯಾಕೆ ಮಾಡ್ದೆ ಮತ್ತೆ?”

ಅವಳ ಎದೆ ಹೊಡೆದುಕೊಳ್ಳಲು ಶುರುವಾಯಿತು. ಇದು ತಿಳಿದಿರಬೇಕಾದ ಸಂಗತಿ. ಗಂಡಹೆಂಡಿರ ಜಗಳಗಳನ್ನು ಎಷ್ಟೋ ವರ್ಷ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಅವರು ಒಂದು ಮಾತು ಹೇಳುತ್ತಾರೆ. ಎದೆಬಡಿತ ನಿಮಿಷಕ್ಕೆ ಸುಮಾರು 100 ದಾಟಿದರೆ ಎದುರಿನವರ ಮಾತು ಸರಿಯಾಗಿ ಒಳಗೆ ಹೋಗುವುದಿಲ್ಲ. ಮೈ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ರಾತ್ರಿ ಕಳೆದ ಮೇಲೆ ಮೈ ತಣ್ಣಗಾಗಿರುತ್ತದೆ ನಿಜ. ಆದರೆ ಅದೇ ಮುಖ, ಅದೇ ದನಿ ಎದುರಾದರೆ ಮತ್ತೆ ಏರಬಹುದು. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ಆ 20 ನಿಮಿಷ ಎಲ್ಲಿಂದ ತರುವುದು?

“ಈಗ ಅದು ಬೇಡ” ಅಂದಿದ್ದರೆ ಬಾಯಿ ಮುಚ್ಚಿಸಿದ ಹಾಗೆ. “ಆಮೇಲೆ ನೋಡೋಣ” ಅಂದಿದ್ದರೆ ತಪ್ಪಿಸಿಕೊಂಡ ಹಾಗೆ. ಅವಳು ಒಂದು ಚಪ್ಪಲಿ ಹಾಕಿಕೊಂಡವಳು ನಿಂತು, ಅಪ್ಪನ ಮುಖ ನೋಡಿ ಹೇಳಿದಳು: “ಅದು ಮಾತಾಡಬೇಕು ಅಪ್ಪಾ. ಏಳಕ್ಕೆ ಬರ್ತೀನಿ. ಬಂದು ಕೂತು ಮಾತಾಡೋಣ, ನಾವಿಬ್ಬರೇ.”

“ನೋಡೋಣ” ಅಂದರು ಅಪ್ಪ. ಆ ಮನೆಯಲ್ಲಿ ಅಪ್ಪನ ‘ನೋಡೋಣ’ ಅಂದರೆ ಆಯ್ತು ಅಂತ.

ನನಗೆ ಈ ಗಂಟೆ ಹೇಳಿದ್ದು ಬಹಳ ಮುಖ್ಯ ಅನಿಸುತ್ತದೆ. ಬೆಳಗ್ಗೆ ವಿಷಯ ಎತ್ತಬಾರದು ಅಂದರೆ ಎಂದೂ ಎತ್ತಬಾರದು ಅಂತಲ್ಲ. ದಿನಾ ಬೆಳಗ್ಗೆ “ಎದ್ಯಾ” ಅಂದು, ನೀರು ಹಾಕಿ, ರಾತ್ರಿಯ ಮಾತಿಗೆ ಎಂದೂ ಜಾಗ ಕೊಡದ ಮನೆಗಳನ್ನೂ ನೋಡಿದ್ದೇನೆ. ಅಲ್ಲಿ ಕೆಲವು ತಿಂಗಳಲ್ಲಿ ಆ “ಎದ್ಯಾ” ಎಂಬ ಮಾತೇ ಸುಳ್ಳಾಗಿ ಕೇಳಿಸುತ್ತದೆ. ಕೈ ಮಾಡುವ, ಹೆದರಿಸುವ ಮನೆಗಳಿಗೂ ಈ ಪ್ರಕರಣ ಹೊಂದುವುದಿಲ್ಲ. ಅಲ್ಲಿ ಬೆಳಗ್ಗೆ ಏನೂ ಆಗಿಲ್ಲದಂತೆ ಮಾತಾಡಿಸುವುದು ಪೆಟ್ಟು ತಿಂದವರ ಜವಾಬ್ದಾರಿ ಆಗಲೇಬಾರದು. ಅವರು ಬೇರೆ ನೆರವು ಪಡೆಯಬೇಕು.

ಸಂಜೆ ಏಳೂಕಾಲಕ್ಕೆ ಇಬ್ಬರೂ ಕೂತರು. ಅವಳ ಮೊದಲ ಮಾತು, “ಬುದ್ಧಿ ಅಂದಿದ್ದು ತಪ್ಪಾಯ್ತು ಅಪ್ಪಾ.” ಅದರ ಹಿಂದೆ ‘ಆದರೆ’ ಹಾಕಲಿಲ್ಲ. ಅಪ್ಪನಿಗೆ ನೋವಾದದ್ದು ಕಾರಿನ ವಿಷಯಕ್ಕೆ ಅಷ್ಟಿಲ್ಲ, ಕೇಳದೆ ಕೀ ತೆಗೆದದ್ದಕ್ಕೆ ಅಂತ ಅವಳಿಗೆ ಆಗ ಗೊತ್ತಾಯಿತು. ಇನ್ನು ಮುಂದೆ ಕೀ ಮುಟ್ಟುವುದಿಲ್ಲ ಅಂದಳು. ಕತ್ತಲಲ್ಲಿ ಓಡಿಸುವುದನ್ನು ಬಿಡುತ್ತೇನೆ ಅಂತ ಅಪ್ಪ ಅವತ್ತು ಹೇಳಲಿಲ್ಲ. ಕಣ್ಣು ತೋರಿಸುತ್ತೇನೆ ಅಂತಲೂ ಹೇಳಲಿಲ್ಲ. ಮಾತು ಅಲ್ಲಿಗೇ ನಿಂತಿತು.

ನಾಲ್ಕು ದಿನದ ನಂತರ ಅವಳು ನನಗೊಂದು ಫೋಟೋ ಕಳಿಸಿದಳು. ಗೋಡೆಯ ಮೊಳೆ, ಅದರಲ್ಲಿ ಕಾರಿನ ಕೀ. ಕೀಯ ಹಿಂದೆ ಅದೇ ಮೊಳೆಗೆ ಸಿಕ್ಕಿಸಿದ ಒಂದು ಚೀಟಿ. ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್, ಅಪ್ಪನ ಕೈಬರಹದಲ್ಲಿ.